ಐದು ವೇರಿಯಬಲ್‌ನ ಎಂಇವಿ ಮ್ಯಾಪ್: ಒಂದು ಟರ್ಮ್ ಜಾಸ್ತಿ ಬರ್ತಿದೆ

ಕೇಳಿದವರು (ಶಿವಮೊಗ್ಗ, ಮೂರನೇ ಸೆಮಿಸ್ಟರ್): F = Σm(1,3,9,10,11,14,26,30), ವೇರಿಯಬಲ್‌ಗಳು A, B, C, D, E. E ಅನ್ನು ಒಳಗೆ ಹಾಕಿ ನಾಲ್ಕು ವೇರಿಯಬಲ್ ಮ್ಯಾಪ್‌ನಲ್ಲಿ ಮಾಡಿದೆ. ನನಗೆ A'BC'D + A'C'E + BDE' ಬಂತು. ಉತ್ತರದಲ್ಲಿ ಎರಡೇ ಟರ್ಮ್ ಇದೆ. ಮಾಡಿದವರು ಯಾರಾದ್ರೂ ಹೇಳಿ.

ಭದ್ರಾವತಿಯಿಂದ: ಎರಡನೇ ಹಂತಕ್ಕೆ ಬಂದಾಗ 1 ಎಲ್ಲಾ ಡೋಂಟ್ ಕೇರ್ ಆಗುತ್ತೆ, ಅಲ್ವಾ? ಹಾಗಾದ್ರೆ E ಅಥವಾ E' ಗುಂಪಿನೊಳಗೆ ಬಂದ 1 ಅನ್ನು ಬೇರೆ ಬರೆಯೋದೇ ಬೇಡ. ನಾನು ಇಂಟರ್ನಲ್ಸ್‌ನಲ್ಲಿ ಹಾಗೇ ಮಾಡಿದೆ, ಸರಿ ಬಂತು.

ತೀರ್ಥಹಳ್ಳಿಯಿಂದ, ಈ ವಿಷಯ ಪಾಠ ಮಾಡ್ತೇನೆ: ಅರ್ಧ ಸರಿ ಮಾರಾಯ. ನಿನಗೆ ಸರಿ ಬಂದಿದ್ದು ಅದೃಷ್ಟ. ಮೊದಲು ಮ್ಯಾಪ್ ನೋಡೋಣ. ಒಂದೊಂದು ಮನೆಗೂ ಎರಡು ಮಿನ್‌ಟರ್ಮ್ ಸೇರುತ್ತೆ, k ಅನ್ನೋ ಮನೆಗೆ 2k ಮತ್ತು 2k+1. ಸಮ ಸಂಖ್ಯೆ ಮಾತ್ರ ಇದ್ರೆ E', ಬೆಸ ಮಾತ್ರ ಇದ್ರೆ E, ಎರಡೂ ಇದ್ರೆ 1. ಇಲ್ಲಿ 10, 11 ಎರಡೂ ಇರೋದ್ರಿಂದ 5ನೇ ಮನೆಗೆ 1 ಬರುತ್ತೆ.

```
        CD=00  01  11  10
AB=00     E    E   0   0
AB=01     E    1   E'  0
AB=11     0    E'  E'  0
AB=10     0    0   0   0
```

ಮೊದಲ ಹಂತದಲ್ಲಿ E, E' ಎರಡನ್ನೂ 0 ಅಂತ ನೋಡಿದ್ರೆ ಒಂಟಿ 1 ಉಳಿಯುತ್ತೆ, ಅದೇ ನಿಮ್ಮ A'BC'D. ಆಮೇಲೆ E ಗುಂಪು: ಎಡ ಮೇಲಿನ ನಾಲ್ಕು ಮನೆ, ಅದರಲ್ಲಿ ಆ 1 ಕೂಡ ಇದೆ, A'C'E. E' ಗುಂಪು: ನಡುವಿನ ನಾಲ್ಕು ಮನೆ, ಮತ್ತೆ ಅದೇ 1 ಸೇರಿ, BDE'.

1 ಅಂದ್ರೆ ಒಳಗೆ E + E'. ಎರಡು ಅರ್ಧಗಳೂ ಬೇಕು. ಇಲ್ಲಿ E ಅರ್ಧವನ್ನು ಒಂದು ಗುಂಪು, E' ಅರ್ಧವನ್ನು ಇನ್ನೊಂದು ಗುಂಪು ತಗೊಂಡಾಯ್ತು. ಅದಕ್ಕೇ A'BC'D ಬಿಡಬಹುದು. ಒಂದೇ ಅರ್ಧ ಮುಚ್ಚಿದ್ರೆ ಬಿಡೋ ಹಾಗಿಲ್ಲ.

ಬೇಕಾದ್ರೆ ಪಟ್ಟಿಗೆ 15 ಸೇರಿಸಿ ನೋಡಿ. ಈಗ 7ನೇ ಮನೆಯ E' ಹೋಗಿ 1 ಆಗುತ್ತೆ. ಅದನ್ನು BDE' ಮಾತ್ರ ಮುಟ್ಟುತ್ತೆ. ಭದ್ರಾವತಿಯವರು ಹೇಳಿದ ಹಾಗೆ ಬಿಟ್ರೆ 01111 ಹಾಕಿದಾಗ A'C'E ಗೆ C ಅಡ್ಡ, BDE' ಗೆ E ಅಡ್ಡ, ಉತ್ತರ 0, ಆದ್ರೆ ಬೇಕಿದ್ದು 1. ಆಗ 5 ಮತ್ತು 7 ಕೂಡಿಸಿ A'BD ಬರೀಲೇಬೇಕು.

ಭದ್ರಾವತಿಯಿಂದ: ಓ, ನನ್ನ ಲೆಕ್ಕದಲ್ಲಿ ಎರಡೂ ಕಡೆ ಇತ್ತು, ಈಗ ನೋಡಿದೆ.

ಸಾಗರದಿಂದ, ಲ್ಯಾಬ್ ನೋಡ್ಕೋತೇನೆ: ಇಷ್ಟೆಲ್ಲಾ ಗುಂಪು ಯಾಕ್ರೀ? ನಿನ್ನೆ ಮಳೇಲಿ ಕರೆಂಟ್ ಹೋಗೋ ಮೊದಲು ಹುಡುಗರಿಗೆ ಇಂಥದ್ದನ್ನೇ 74151 ಮೇಲೆ ಕಟ್ಟಿಸಿದ್ದೆ. A, B, C ಸೆಲೆಕ್ಟ್ ಲೈನ್, D, E ಎರಡೂ ಒಳಗೆ. ಒಂದು ಮನೆಗೆ ನಾಲ್ಕು ಮಿನ್‌ಟರ್ಮ್. ಈ ಲೆಕ್ಕಕ್ಕೆ 0ನೇ ಇನ್‌ಪುಟ್‌ಗೆ E, 2ಕ್ಕೆ D+E, 3, 6, 7 ಕ್ಕೆ DE', ಉಳಿದದ್ದು ಗ್ರೌಂಡ್. ಮುಗೀತು.

ತೀರ್ಥಹಳ್ಳಿಯಿಂದ: ಸರ್, ಕೇಳಿದ್ದು ಮಕ್ಸ್ ಬಗ್ಗೆ ಅಲ್ಲ, ಆದ್ರೆ ನಿಮ್ಮ ಮ್ಯಾಪ್ ಚೆನ್ನಾಗಿದೆ. 0 ಮತ್ತು 2 ಸೇರಿ A'C'E. ಆಗ 2ನೇ ಮನೆಯ D+E ಯಲ್ಲಿ ಬಾಕಿ ಉಳಿಯೋದು DE' ಮಾತ್ರ. ಅದು 3, 6, 7 ರ ಜೊತೆ ಸೇರಿ BDE' ಆಗುತ್ತೆ. ಅದೇ ಎರಡು ಟರ್ಮ್. 2ನೇ ಮನೆಯ D ಅನ್ನು ಬೇರೆಯಾಗಿ ಹಿಡಿದ್ರೆ ಮಾತ್ರ ಆ A'BC'D ಮತ್ತೆ ಬರುತ್ತೆ.

ಆರು ವೇರಿಯಬಲ್‌ಗೂ ನಾಲ್ಕರ ಮ್ಯಾಪ್ ಬರೆದು ಎರಡನ್ನು ಒಳಗೆ ಹಾಕಬಹುದು. ಆದ್ರೆ ಮನೆಯೊಳಗೆ E⊕F ಥರದ್ದು ಜಾಸ್ತಿ ಬಂದ್ರೆ ಗುಂಪು ಕಟ್ಟೋದು ಕಷ್ಟ, ಆಗ ಒಳಗೆ ಹಾಕೋ ವೇರಿಯಬಲ್ ಬದಲಾಯಿಸಿ ನೋಡಿ.

ಸಾಗರದಿಂದ: ಇನ್ನೊಂದು ಮಾತು. ಗೇಟ್‌ನಲ್ಲಿ ಕಟ್ಟೋದಾದ್ರೆ ಆ ಮೂರನೇ ಟರ್ಮ್ ನಾನಂತೂ ಇಟ್ಕೋತೇನೆ. 010 ಮತ್ತು D=1 ಇದ್ದು E 1 ರಿಂದ 0 ಆದಾಗ A'C'E ಬೀಳೋದು ಮೊದಲು, ಇನ್ವರ್ಟರ್ ತಡದಿಂದ BDE' ಏಳೋದು ಆಮೇಲೆ. ಮಧ್ಯೆ ಔಟ್‌ಪುಟ್ ಒಂದು ಕ್ಷಣ 0 ಗೆ ಜಾರಬಹುದು. A'BC'D ಇದ್ರೆ ಜಾರಲ್ಲ.

ತೀರ್ಥಹಳ್ಳಿಯಿಂದ: ಒಪ್ಪಿದೆ, ಆದ್ರೆ ಪ್ರಶ್ನೆಯಲ್ಲಿ "ಕನಿಷ್ಠ ರೂಪ" ಅಂತ ಕೇಳಿದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ ಸರ್.

ಸಾಗರದಿಂದ: ಔಟ್‌ಪುಟ್ ಯಾವುದಾದ್ರೂ ಕ್ಲಾಕ್‌ಗೆ ಹೋಗ್ತಿದ್ರೆ ಏನು ಮಾಡ್ತೀರಿ?

ಕೇಳಿದವರು: ಪೇಪರಲ್ಲಿ ಎರಡು ಟರ್ಮ್ ಬರೀತೀನಿ. ಅಕ್ಕನ ಹಳೇ ಬ್ರೆಡ್‌ಬೋರ್ಡ್ ಇದೆ, ಮೂರೂ ಇಟ್ಟು ಕಟ್ತೀನಿ. ಆ ಜಾರೋದು ಎಲ್‌ಇಡಿಯಲ್ಲಿ ಕಾಣುತ್ತಾ?

ಸಾಗರದಿಂದ: ಕಾಣಲ್ಲ. ಕೆಲವು ನ್ಯಾನೋಸೆಕೆಂಡ್ ಅಷ್ಟೇ.