ಮೂರು ಫೋಟೋ ನೋಡಿ ನಾಯಿಮರಿ ಎಷ್ಟು ದೊಡ್ಡದಾಗುತ್ತೆ ಅಂತ ಹೇಳಬಹುದಾ?

ಪ್ರಶ್ನೆ: ನಮ್ಮದು ಮಿಶ್ರ ತಳಿಯ ಹೆಣ್ಣು ಮರಿ. ತಂದಾಗ 2 ತಿಂಗಳು ಅಂದಿದ್ದರು. ಮೊದಲನೇ ಫೋಟೋ ಆ ದಿನದ್ದು, ಎರಡನೆಯದು ಒಂದು ತಿಂಗಳ ನಂತರದ್ದು, ಮೂರನೆಯದು ನಿನ್ನೆಯದು. ಅಂದ್ರೆ ಈಗ 4 ತಿಂಗಳು. ತೂಕ 9 ಕೆ.ಜಿ. ಬಾಯಿ ತೆರೆದಿರೋ ಫೋಟೋನೂ ಹಾಕಿದ್ದೇನೆ. ಬೆಳೆದ ಮೇಲೆ ಎಷ್ಟು ದೊಡ್ಡದಾಗಬಹುದು?

ಒಬ್ಬ ಸದಸ್ಯರು: ಪಾದ ನೋಡಿ, ಎಷ್ಟು ದಪ್ಪ ಇದೆ! 25 ಕೆ.ಜಿ. ದಾಟೋದು ಗ್ಯಾರಂಟಿ.

ಪಶುವೈದ್ಯೆ: ಪಾದ ದಪ್ಪ ಇದ್ದರೆ ದೊಡ್ಡ ನಾಯಿ ಆಗಬಹುದು ಅನ್ನೋದು ಅರ್ಧ ನಿಜ. ಆದರೆ ಈ ವಯಸ್ಸಲ್ಲಿ ಹೆಚ್ಚಿನ ಮರಿಗಳ ಪಾದ ಮೈಗಿಂತ ದೊಡ್ಡದಾಗಿಯೇ ಕಾಣುತ್ತೆ. ಒಂದೇ ತಾಯಿಯ ಮರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸೋಕೆ ಪಾದ ಸರಿ. ಕೆ.ಜಿ. ಹೇಳೋಕೆ ಸಾಲದು.

ನಾನು ಮೊದಲು ನೋಡಿದ್ದು ಹಲ್ಲು. ಮೇಲಿನ ಆರು, ಕೆಳಗಿನ ಆರು ಮುಂದಿನ ಹಲ್ಲುಗಳೂ ಬದಲಾಗಿವೆ. ಅಗಲವಾಗಿ, ಅಂಚು ಅಂಚಾಗಿ ಕಾಣ್ತಿವೆ ಅಲ್ವಾ? ಕೋರೆಹಲ್ಲು ಮಾತ್ರ ಇನ್ನೂ ಹಾಲುಹಲ್ಲೇ, ಸೂಜಿಯ ಹಾಗೆ ತೆಳ್ಳಗಿದೆ. ಮುಂದಿನ ಹಲ್ಲುಗಳು ಸಾಮಾನ್ಯವಾಗಿ 3ರಿಂದ 5 ತಿಂಗಳ ಒಳಗೆ ಬದಲಾಗುತ್ತವೆ, ಕೋರೆ 5ರಿಂದ 6ರಲ್ಲಿ. ಹಾಗಾಗಿ ನಿಮ್ಮ ಮರಿಗೆ 4 ಅಲ್ಲ, 5 ತಿಂಗಳ ಹತ್ತಿರ ಆಗಿದೆ. ತಂದಾಗಲೇ 3 ತಿಂಗಳ ಹತ್ತಿರ ಇದ್ದಿರಬೇಕು.

ಈ ಒಂದು ತಿಂಗಳಿಂದ ಲೆಕ್ಕವೇ ಬದಲಾಗುತ್ತೆ. ಮಧ್ಯಮ ಗಾತ್ರದ ನಾಯಿ ತನ್ನ ಪೂರ್ತಿ ತೂಕದ ಅರ್ಧವನ್ನು ಸುಮಾರು 4 ತಿಂಗಳಿಗೆ ಮುಟ್ಟುತ್ತೆ. 4 ತಿಂಗಳಿಗೆ 9 ಕೆ.ಜಿ. ಆಗಿದ್ದರೆ 18–20 ಅಂತಿದ್ದೆ. 5ರ ಹತ್ತಿರ ಅಂದರೆ ಅರ್ಧ ಆಗಲೇ ದಾಟಿರುತ್ತೆ. ಆದ್ದರಿಂದ ನನ್ನ ಅಂದಾಜು 15ರಿಂದ 17.

ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಎತ್ತರ? ಎರಡನೇ, ಮೂರನೇ ಫೋಟೋ ಒಂದೇ ಟೈಲ್ಸ್ ಗೋಡೆ ಮುಂದೆ ತೆಗೆದಿದ್ದು. ಒಂದು ಟೈಲ್ 30 ಸೆಂ.ಮೀ. ಹೆಗಲು ಮೊದಲು ಸರಿಯಾಗಿ ಒಂದು ಟೈಲ್‌ಗಿತ್ತು, ಈಗ 36ಕ್ಕೆ ಬಂದಿದೆ.

ಪಶುವೈದ್ಯೆ: ಟೈಲ್ಸ್ ಮುಂದೆ ನಿಲ್ಲಿಸಿದ್ದು ತುಂಬಾ ಒಳ್ಳೇದಾಯ್ತು. ಒಂದೇ ತಿದ್ದುಪಡಿ. ಮರಿ ಗೋಡೆಗೆ ಅಂಟಿ ನಿಂತಿಲ್ಲ, ಸುಮಾರು 15 ಸೆಂ.ಮೀ. ಮುಂದಿದೆ. ಕ್ಯಾಮೆರಾಗೆ ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತೆ. ಗೋಡೆಯಿಂದ 2 ಮೀಟರ್ ದೂರ ನಿಂತು ತೆಗೆದಿದ್ದರೆ, 36 ಅಂತ ಕಾಣೋದು ನಿಜಕ್ಕೆ 33ರ ಆಸುಪಾಸು. ಆದರೆ ಎರಡೂ ಸಲ ಮರಿಯೂ ನೀವೂ ಅದೇ ಜಾಗದಲ್ಲಿ ಇದ್ದರೆ, ತಿಂಗಳಿಗೆ 5ರಿಂದ 6 ಸೆಂ.ಮೀ. ಬೆಳೆದಿದೆ ಅನ್ನೋದನ್ನು ನಂಬಬಹುದು.

ಮೊದಲನೇ ಫೋಟೋ ಅಳತೆಗೆ ಬರಲ್ಲ, ನಿಂತುಕೊಂಡು ಮೇಲಿಂದ ತೆಗೆದಿದ್ದು. ತಲೆ ದೊಡ್ಡದು, ಕಾಲು ಗಿಡ್ಡ ಅನಿಸುತ್ತೆ. ಮುಂದಿನ ಸಲ ಫೋನನ್ನು ಮರಿಯ ಹೆಗಲಿನ ಎತ್ತರಕ್ಕೆ ಇಳಿಸಿ, ಜೂಮ್ ಬೇಡ. ನಾಲ್ಕೂ ಕಾಲು ನೇರ ಇರಲಿ, ತಲೆ ತಗ್ಗಿಸಿರಬಾರದು. ಎತ್ತರ ಅಂದರೆ ಹೆಗಲಿನ ತುದಿವರೆಗೆ, ಕಿವಿವರೆಗೆ ಅಲ್ಲ.

ಎದುರಿನಿಂದಲೂ ಒಂದು ತೆಗೀರಿ. ಮುಂಗಾಲಿನ ಮಣಿಕಟ್ಟಿನ ಮೇಲೆ ಗಂಟಿನ ಹಾಗೆ ಉಬ್ಬಿದೆಯಲ್ಲ, ಅಲ್ಲೇ ಮೂಳೆ ಬೆಳೀತಿರೋದು. ಈಗ ಇರಬೇಕಾದ್ದೇ. ಅದು ನಯ ಆಗ್ತಾ ಬಂದರೆ ಬೆಳವಣಿಗೆ ಮುಗೀತಿದೆ ಅಂತ ಗೊತ್ತಾಗುತ್ತೆ. ಆದರೆ ಒಂದು ಕಾಲು ಮಾತ್ರ ಹೊರಗೆ ಬಾಗ್ತಾ ಹೋದರೆ, ಅದರಲ್ಲೂ ಮರಿ ಎಲ್ಲಿಂದಾದರೂ ಬಿದ್ದಿದ್ದರೆ, ಫೋಟೋ ಹೋಲಿಸ್ತಾ ಕೂರಬೇಡಿ. ಬೇಗ ಎಕ್ಸ್‌ರೇ ಮಾಡಿಸಿ. ಆ ಭಾಗಕ್ಕೆ ಪೆಟ್ಟಾದರೆ ಒಂದು ಮೂಳೆ ನಿಂತು ಪಕ್ಕದ್ದು ಬೆಳೀತಾ ಹೋಗುತ್ತೆ.

ಇನ್ನೊಬ್ಬ ಸದಸ್ಯರು: ಮೇಡಂ, ನಮ್ಮ ಲ್ಯಾಬ್ರಡಾರ್‌ಗೆ 8 ತಿಂಗಳು. ಫೋಟೋದಲ್ಲಿ ಬರೀ ಕಾಲೇ ಕಾಣುತ್ತೆ, ಎದೆ ಇಲ್ಲ. ಕ್ಯಾಲ್ಸಿಯಂ ಕೊಡಲಾ?

ಪಶುವೈದ್ಯೆ: ಸುಮ್ನೆ ಕೊಡಬೇಡಿ. ನಾಯಿಗಳು ಮೊದಲು ಎತ್ತರ ಆಗ್ತವೆ, ಮೈ ತುಂಬೋದು ಆಮೇಲೆ. ದೊಡ್ಡ ತಳಿಗಳಿಗೆ ಒಂದೂವರೆ ವರ್ಷ ಹಿಡಿಯುತ್ತೆ. ಮರಿಗಳಿಗೆಂದೇ ಮಾಡಿದ ಪೂರ್ಣ ಆಹಾರ ತಿಂತಿದ್ದರೆ, ಹೆಚ್ಚುವರಿ ಕ್ಯಾಲ್ಸಿಯಂ ಬೆಳೆಯೋ ಮೂಳೆಗೇ ತೊಂದರೆ ಕೊಡುತ್ತೆ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಕ್ಕಿ, ಕಣ್ಣಿಗೆ ಎದ್ದು ಕಾಣದಿದ್ದರೆ ಮೈಕಟ್ಟು ಸರಿಯಾಗೇ ಇದೆ.

ಮೊದಲ ಸದಸ್ಯರು: ಆದ್ರೂ ಮೇಡಂ, ಅಪ್ಪ ನಾಯಿ ದೊಡ್ಡದಿದ್ರೆ?

ಪಶುವೈದ್ಯೆ: ಆಗ ನನ್ನ ಲೆಕ್ಕ ತಪ್ಪಬಹುದು, ನಿಜ. ದೊಡ್ಡ ತಳಿಯ ರಕ್ತ ಇದ್ದರೆ 5 ತಿಂಗಳಿಗೆ ಅರ್ಧ ತೂಕ ಅಷ್ಟೇ ಆಗಿರುತ್ತೆ, 18ರವರೆಗೂ ಹೋಗಬಹುದು. 25 ಮಾತ್ರ ನನಗೆ ಕಾಣ್ತಿಲ್ಲ. ಮೂರು ವಾರ ಬಿಟ್ಟು ಅದೇ ಗೋಡೆ ಮುಂದೆ ಒಂದು ಫೋಟೋ, ಕೋರೆಹಲ್ಲಿನದು ಒಂದು, ತೂಕದ ಜೊತೆ ಹಾಕಿ. ಕೋರೆ ಬದಲಾಗಿದ್ದರೆ ವಯಸ್ಸು ಖಚಿತ ಆಗುತ್ತೆ.

ಕೇಳಿದವರು: ಹಾಕ್ತೀನಿ. ಗೋಡೆಗೆ ಅಂಟಿಸಿ ನಿಲ್ಲಿಸೋಕೆ ಇಬ್ಬರು ಬೇಕಾಗುತ್ತೆ, ತಮ್ಮನ್ನ ಕರೀತೀನಿ.