ಸಹಾಯ ಬೇಕು: ಆಯೋಜಕರಿಗೆ ಕಳಿಸುವ ಈ ಸಂದೇಶದಲ್ಲಿ ಏನಾದರೂ ಬಿಟ್ಟಿದೆಯೇ?

ಮುಂದಿನ ತಿಂಗಳು ಜಯನಗರದಲ್ಲಿ ಉಪನ್ಯಾಸವಿದೆ. ಸ್ಲೈಡ್ ಶುರು ಮಾಡುವ ಮುಂಚೆಯೇ ಇದನ್ನು ಕಳಿಸಬೇಕು:

"ನಮಸ್ಕಾರ ಮೇಡಂ. ನನಗೆ ಕೊಟ್ಟಿರುವ 40 ನಿಮಿಷದಲ್ಲಿ ಪ್ರಶ್ನೋತ್ತರವೂ ಸೇರಿದೆಯೇ? ಸೇರಿದ್ದರೆ ಮಾತನ್ನು 30 ನಿಮಿಷಕ್ಕೆ ಮುಗಿಸುತ್ತೇನೆ.

ಪರದೆ 16:9 ಅಳತೆಯದೋ, 4:3 ಅಳತೆಯದೋ ದಯವಿಟ್ಟು ತಿಳಿಸಿ. 1024×768ರ ಹಳೆಯ ಪ್ರೊಜೆಕ್ಟರ್ ಆದರೆ 16:9 ಸ್ಲೈಡ್‌ಗೆ ಎತ್ತರದಲ್ಲಿ 576 ಪಿಕ್ಸೆಲ್ ಮಾತ್ರ ಸಿಗುತ್ತದೆ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿದ್ದು ಅಕ್ಷರ ಕುಗ್ಗುತ್ತದೆ, ಕೊನೆಯ ಸಾಲಿನವರಿಗೆ ಒತ್ತಕ್ಷರ ಕಾಣುವುದೇ ಇಲ್ಲ.

ವೇದಿಕೆಗೆ ಬರುವ ಕೇಬಲ್ ಎಚ್‌ಡಿಎಂಐ ತಾನೇ? ವಿಜಿಎ ಆದರೆ ಧ್ವನಿ ಹೋಗುವುದಿಲ್ಲ. ನನ್ನ ವಿಡಿಯೊಗೆ ಲ್ಯಾಪ್‌ಟಾಪ್‌ನಿಂದ ಮಿಕ್ಸರ್‌ಗೆ ಬೇರೆ ಆಡಿಯೊ ಕೇಬಲ್ ಬೇಕಾಗುತ್ತದೆ. ಯುಎಸ್‌ಬಿ-ಸಿ ಅಡಾಪ್ಟರ್ ನಾನೇ ತರುತ್ತೇನೆ."

ಕಾಲರ್ ಮೈಕ್ ಬಗ್ಗೆ ಈಗಲೇ ಕೇಳಬೇಕೇ? ಸಭಾಂಗಣಗಳ ಧ್ವನಿ ವ್ಯವಸ್ಥೆ ನೋಡಿಕೊಳ್ಳುವವರು ದಯವಿಟ್ಟು ತಿಳಿಸಿ.