ಅಪ್‌ಡೇಟ್: ಒಂದೇ ಲಿಂಕ್ ಇರುವ ಬ್ರಾಂಚಿಗೆ ಸ್ಟ್ಯಾಟಿಕ್ ರೂಟ್

"ನಮ್ಮ ಬ್ರಾಂಚಿಗೆ ಹೆಡ್ ಆಫೀಸಿನಿಂದ ಒಂದೇ ಲಿಂಕ್. ಓಎಸ್‌ಪಿಎಫ್ ಬೇಕಾ, ಸ್ಟ್ಯಾಟಿಕ್ ಸಾಕಾ?" ಅಂತ ಕೇಳಿದ್ದೆ.

ಸ್ಟ್ಯಾಟಿಕ್ಕೇ ಹಾಕಿದೆವು. ಇರುವುದೇ ಒಂದು ದಾರಿ. ಅದು ಬಿದ್ದರೆ ಓಎಸ್‌ಪಿಎಫ್ ಬೇರೆ ದಾರಿ ಎಲ್ಲಿಂದ ತರುತ್ತದೆ, ಅಲ್ವಾ? ಬ್ರಾಂಚ್ ರೂಟರಿನಲ್ಲಿ ಈಗ ಇಷ್ಟೇ:

```
ip route 0.0.0.0 0.0.0.0 10.0.0.1
ip route 192.168.16.0 255.255.252.0 Null0
```

ಎರಡನೇ ಸಾಲು ಮುಖ್ಯ. ಹೆಡ್ ಆಫೀಸ್ ಆ /22 ಪೂರ್ತಿ ನಮ್ಮ ಕಡೆ ಕಳಿಸುತ್ತದೆ, ನಾವು ಬಳಸುವುದು ಮೊದಲ /24 ಮಾತ್ರ. 192.168.18.5ಕ್ಕೆ ಬಂದ ಪ್ಯಾಕೆಟನ್ನು ಡಿಫಾಲ್ಟ್ ರೂಟ್ ವಾಪಸ್ ಅಟ್ಟುತ್ತಿತ್ತು, ಅಲ್ಲಿಂದ ಮತ್ತೆ ಇಲ್ಲಿಗೆ. ಟ್ರೇಸ್‌ರೂಟ್‌ನಲ್ಲಿ ಅವೇ ಎರಡು ಅಡ್ರೆಸ್ ಸರದಿಯಂತೆ ಕಾಣುತ್ತಿದ್ದವು. ಈಗ Null0 ಅದನ್ನು ಇಲ್ಲೇ ಬಿಸಾಡುತ್ತದೆ. ಬಳಕೆಯ /24 ಹೆಚ್ಚು ನಿಖರವಾದ ರೂಟ್ ಆದ್ದರಿಂದ ಅದಕ್ಕೆ ತೊಂದರೆ ಇಲ್ಲ. ಎರಡನೇ ಲಿಂಕ್ ಬಂದಾಗ ಓಎಸ್‌ಪಿಎಫ್ ಹಾಕುತ್ತೇವೆ.